ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ: ಎರಡು ಜಾಹೀರಾತುಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಬೇಕು?

ಹುಬ್ಬಳ್ಳಿ-ಧಾರವಾಡದ ಹೋಟೆಲುಗಳಲ್ಲಿ ಐದಾರು ವರ್ಷ ರೂಮ್ ಅಟೆಂಡೆಂಟ್ ಆಗಿ ದುಡಿದವರು ಸೂಪರ್‌ವೈಸರ್ ಹುದ್ದೆಯ ಜಾಹೀರಾತು ಕಂಡಾಗ ಮೊದಲು ಸಂಬಳದ ಸಾಲನ್ನು ಓದುತ್ತಾರೆ. ಅದು ಸಹಜವೇ. ಆದರೆ ಈ ಹುದ್ದೆಯಲ್ಲಿ ದಿನ ಹೇಗೆ ಕಳೆಯುತ್ತದೆ, ತಿಂಗಳ ಕೊನೆಗೆ ಕೈಗೆ ಎಷ್ಟು ಉಳಿಯುತ್ತದೆ, ವರ್ಷದ ನಂತರ ಮುಂದಿನ ಮೆಟ್ಟಿಲಿಗೆ ದಾರಿ ಇರುತ್ತದೆಯೇ ಎಂಬುದನ್ನು ಬೇರೆ ಮೂರು ಸಾಲುಗಳು ತಿಳಿಸುತ್ತವೆ: ಕರ್ತವ್ಯ, ಪಾಳಿ ಮತ್ತು ಭಾಷೆ. ಆ ಸಾಲುಗಳನ್ನು ಕೋಣೆಗಳ ಸಂಖ್ಯೆಯ ಜೊತೆ ಇಟ್ಟು ಲೆಕ್ಕ ಹಾಕಿದರೆ ಜಾಹೀರಾತಿನಲ್ಲಿ ಬರೆಯದೇ ಬಿಟ್ಟಿರುವ ಸಂಗತಿಗಳೂ ಗೊತ್ತಾಗುತ್ತವೆ. ಅದನ್ನು ತೋರಿಸಲು ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಬಗೆಯ ಜಾಹೀರಾತುಗಳನ್ನು ಮಾದರಿಯಾಗಿ ಇಲ್ಲಿ ಬರೆದುಕೊಂಡಿದ್ದೇನೆ. ಇವು ಯಾವುದೇ ನಿರ್ದಿಷ್ಟ ಹೋಟೆಲಿನವಲ್ಲ.

ಮೊದಲನೆಯದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ, ವ್ಯಾಪಾರಕ್ಕೆಂದು ಬರುವ ಅತಿಥಿಗಳನ್ನೇ ನಂಬಿದ ಹೋಟೆಲಿನದು.

"72 ಕೋಣೆಗಳ ಹೋಟೆಲಿಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ. ಹುದ್ದೆಗಳು: 2. ಕರ್ತವ್ಯ: ಕೋಣೆಗಳ ತಪಾಸಣೆ, ಅಟೆಂಡೆಂಟ್‌ಗಳಿಗೆ ಕೆಲಸ ಹಂಚುವುದು, ಲಿನನ್ ಮತ್ತು ಮಾಸ್ಟರ್ ಕೀ ಹೊಣೆ, ಅತಿಥಿಗಳ ದೂರು ನಿವಾರಣೆ, ಲಾಗ್ ಬುಕ್ ನಿರ್ವಹಣೆ. ಪಾಳಿ: ಬೆಳಿಗ್ಗೆ 7ರಿಂದ 4, ಮಧ್ಯಾಹ್ನ 1ರಿಂದ 10, ರಾತ್ರಿ 10ರಿಂದ 7, ಸರದಿಯಂತೆ. ಇಂಗ್ಲಿಷ್ ಕಡ್ಡಾಯ, ಕನ್ನಡ ಮತ್ತು ಹಿಂದಿ ಬರಬೇಕು. ಸಂಬಳ 19,000 ರೂಪಾಯಿ, ಇ.ಎಸ್.ಐ., ಪಿ.ಎಫ್., ಕೆಲಸದ ವೇಳೆ ಊಟ."

ಎರಡನೆಯದು ಧಾರವಾಡದ ಹೊರವಲಯದಲ್ಲಿರುವ, ಮದುವೆಯ ಸಭಾಂಗಣಕ್ಕೆ ಅಂಟಿಕೊಂಡ ಹೋಟೆಲಿನದು.

"34 ಕೋಣೆಗಳು ಮತ್ತು ಸಭಾಂಗಣವಿರುವ ಹೋಟೆಲಿಗೆ ಅನುಭವಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ. ಹುದ್ದೆ: 1. ಕೋಣೆ, ಹಾಲ್, ಲಾಂಡ್ರಿ, ಉದ್ಯಾನದ ಸಂಪೂರ್ಣ ಜವಾಬ್ದಾರಿ. ವೇಳೆ: ಬೆಳಿಗ್ಗೆ 9ರಿಂದ 6, ಕಾರ್ಯಕ್ರಮಗಳಿದ್ದಾಗ ಅಗತ್ಯಕ್ಕೆ ತಕ್ಕಂತೆ. ಕನ್ನಡ ಚೆನ್ನಾಗಿ ಬರಬೇಕು, ಹಿಂದಿ ಮತ್ತು ಇಂಗ್ಲಿಷ್ ತಿಳಿದಿದ್ದರೆ ಸಾಕು. ಸಂಬಳ 22,000 ರೂಪಾಯಿ. ಊಟ, ವಸತಿ ಉಚಿತ."

ಎರಡನ್ನೂ ಓದಿ ನಿರ್ಧರಿಸಬೇಕಾದವರು ಒಬ್ಬರನ್ನು ಊಹಿಸಿಕೊಳ್ಳೋಣ. ಅವರು ಧಾರವಾಡದ ಸಪ್ತಾಪುರದಲ್ಲಿ ತಾಯಿಯ ಜೊತೆ ಇರುವ ಮಹಿಳೆ. ಪಿ.ಯು.ಸಿ. ಓದಿದ್ದಾರೆ, ಆರು ವರ್ಷ ಅಟೆಂಡೆಂಟ್ ಆಗಿದ್ದಾರೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಕೆಲಸದಲ್ಲಿ ಹಿಂದಿ ಸಲೀಸು. ಇಂಗ್ಲಿಷನ್ನು ನಿಧಾನವಾಗಿ ಓದಬಲ್ಲರು, ಮಾತಾಡುವಾಗ ತಡವರಿಸುತ್ತಾರೆ. ತಾಯಿಗೆ ಸಕ್ಕರೆ ಕಾಯಿಲೆಯಿದೆ. ಮೇಲ್ನೋಟಕ್ಕೆ ಎರಡನೆಯ ಜಾಹೀರಾತು ಇವರಿಗೇ ಬರೆದಂತಿದೆ: ಸಂಬಳ ಹೆಚ್ಚು, ಊರಿನಲ್ಲೇ ಕೆಲಸ, ರಾತ್ರಿ ಪಾಳಿ ಇಲ್ಲ, ಇಂಗ್ಲಿಷಿನ ಒತ್ತಾಯವಿಲ್ಲ. ನನ್ನ ಸಲಹೆ ಮಾತ್ರ ಮೊದಲನೆಯದರ ಕಡೆಗಿದೆ, ಅದೂ ಒಂದು ಷರತ್ತಿನ ಮೇಲೆ. ಏಕೆಂದು ಒಂದೊಂದಾಗಿ ನೋಡೋಣ.

ಕರ್ತವ್ಯದ ಸಾಲನ್ನು ನಿಮಿಷಗಳಲ್ಲಿ ಓದುವುದು

ಸೂಪರ್‌ವೈಸರ್ ಕೆಲಸದ ಮುಖ್ಯ ಭಾಗ ತಪಾಸಣೆ. ಅತಿಥಿ ಬಿಟ್ಟು ಹೋದ ಕೋಣೆಯನ್ನು ಅಟೆಂಡೆಂಟ್ ಶುಚಿಗೊಳಿಸಿದ ಮೇಲೆ ಸೂಪರ್‌ವೈಸರ್ ಬಾಗಿಲಿನಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ ಸುತ್ತುತ್ತ ದೀಪ, ಎ.ಸಿ., ಪರದೆ, ಹಾಸಿಗೆ, ಮಂಚದ ಕೆಳಗೆ, ಕಪಾಟು, ಕೊನೆಗೆ ಬಚ್ಚಲುಮನೆ ನೋಡಿ, ಗೀಸರ್ ಮತ್ತು ಫ್ಲಶ್ ಚಾಲು ಮಾಡಿ ನೋಡಿದ ನಂತರವೇ ಆ ಕೋಣೆಯನ್ನು ರಿಸೆಪ್ಷನ್‌ಗೆ ಬಿಟ್ಟುಕೊಡುತ್ತಾರೆ. ಇದನ್ನು ಸರಿಯಾಗಿ ಮಾಡಲು ಆರು ನಿಮಿಷವಾದರೂ ಬೇಕು. ಅತಿಥಿ ಇನ್ನೂ ಉಳಿದುಕೊಂಡಿರುವ ಕೋಣೆಗೆ ಮೂರು ನಿಮಿಷ ಸಾಕಾಗುತ್ತದೆ.

ಮೊದಲ ಹೋಟೆಲಿನ 72 ಕೋಣೆಗಳಲ್ಲಿ ಮುಕ್ಕಾಲು ಪಾಲು, ಅಂದರೆ 54 ತುಂಬಿವೆ ಎಂದುಕೊಳ್ಳೋಣ; ಅವುಗಳಲ್ಲಿ 24 ಆ ದಿನ ಖಾಲಿಯಾಗುತ್ತವೆ. 24 ಕೋಣೆಗಳಿಗೆ ಆರು ನಿಮಿಷದಂತೆ 144 ನಿಮಿಷ, ಉಳಿದ 30 ಕೋಣೆಗಳಿಗೆ ಮೂರು ನಿಮಿಷದಂತೆ 90 ನಿಮಿಷ, ಒಟ್ಟು 234 ನಿಮಿಷ. ಸುಮಾರು ನಾಲ್ಕು ಗಂಟೆ. ಊಟದ ವಿರಾಮ ಕಳೆದು ಎಂಟು ಗಂಟೆಯ ಪಾಳಿಯಲ್ಲಿ ಇನ್ನೂ ನಾಲ್ಕು ಗಂಟೆ ಉಳಿಯುತ್ತದೆ. ಬೆಳಿಗ್ಗೆ ಕೆಲಸ ಹಂಚುವ ಬ್ರೀಫಿಂಗ್, ರಿಸೆಪ್ಷನ್ ಕೊಟ್ಟ ಕೋಣೆಗಳ ಪಟ್ಟಿಯನ್ನು ನಿಜಸ್ಥಿತಿಯ ಜೊತೆ ತಾಳೆ ನೋಡುವುದು, ಲಿನನ್ ಎಣಿಕೆ, ರಿಪೇರಿಯವರ ಹಿಂದೆ ಬೀಳುವುದು, ಮಧ್ಯಾಹ್ನದವರೆಗೂ 'ತೊಂದರೆ ಕೊಡಬೇಡಿ' ಎಂಬ ಫಲಕ ತೂಗುತ್ತಿರುವ ಕೋಣೆಗಳನ್ನು ವಿಚಾರಿಸುವುದು, ಇವೆಲ್ಲ ಆ ನಾಲ್ಕು ಗಂಟೆಯಲ್ಲಿ ಹಿಡಿಯುತ್ತವೆ. ಬಿಗಿಯಾದ ದಿನವೇ, ಆದರೆ ಇದು ಸೂಪರ್‌ವೈಸರ್ ಮಾಡಬೇಕಾದ ಕೆಲಸದ ದಿನ.

ಎರಡನೆಯ ಹೋಟೆಲಿನಲ್ಲಿ ಸಾಮಾನ್ಯ ದಿನಗಳಲ್ಲಿ ಹನ್ನೆರಡು ಹದಿನೈದು ಕೋಣೆ ತುಂಬಿದರೆ ಹೆಚ್ಚು. ಆ ದಿನಗಳು ಹಗುರವಾಗಿಯೇ ಇರುತ್ತವೆ. ಕಷ್ಟವಿರುವುದು ಮದುವೆಯ ಮರುದಿನ. ಬೀಗರೆಲ್ಲ ಬೆಳಿಗ್ಗೆ 11ಕ್ಕೆ ಕೋಣೆ ಬಿಡುತ್ತಾರೆ, 34 ಕೋಣೆಯೂ ಒಟ್ಟಿಗೆ ಖಾಲಿಯಾಗುತ್ತವೆ, ಸಂಜೆ 4ಕ್ಕೆ ಇನ್ನೊಂದು ಮದುವೆಯವರು ಬರುತ್ತಾರೆ. ಖಾಲಿಯಾದ ಕೋಣೆಯನ್ನು ಶುಚಿಗೊಳಿಸಲು ಒಬ್ಬ ಅಟೆಂಡೆಂಟ್‌ಗೆ 30ರಿಂದ 45 ನಿಮಿಷ ಬೇಕು. ಮದುವೆಯ ಕೋಣೆಗಳಲ್ಲಿ ಹೂವು, ಅರಿಸಿನ, ಮೆಹಂದಿಯ ಕಲೆಗಳಿರುವುದರಿಂದ 35 ನಿಮಿಷ ಎಂಬುದು ಉದಾರ ಲೆಕ್ಕವೇನಲ್ಲ. 34 ಕೋಣೆಗಳಿಗೆ 1,190 ನಿಮಿಷ, ಅಂದರೆ ಹೆಚ್ಚು ಕಡಿಮೆ 20 ಗಂಟೆಯ ಕೆಲಸ. ನಾಲ್ವರು ಅಟೆಂಡೆಂಟ್‌ಗಳಿದ್ದರೆ ತಲಾ ಐದು ಗಂಟೆ. 11ಕ್ಕೆ ಆರಂಭಿಸಿ, ಊಟಕ್ಕೂ ನಿಲ್ಲದೆ ದುಡಿದರೆ 4ಕ್ಕೆ ಮುಗಿಯುತ್ತದೆ. ಅವರಲ್ಲಿ ಒಬ್ಬರು ರಜೆ ಹಾಕಿದರೆ ಮೂವರ ಕೆಲಸ ಸುಮಾರು 5.40ರವರೆಗೆ ಎಳೆಯುತ್ತದೆ. ಆಗ ಸೂಪರ್‌ವೈಸರ್ ತಪಾಸಣೆಯ ಪಟ್ಟಿಯನ್ನು ಬದಿಗಿಟ್ಟು ತಾವೇ ಚಾದರ ಹಾಸಲು ನಿಲ್ಲಬೇಕಾಗುತ್ತದೆ, ಅದೇ ಹೊತ್ತಿಗೆ ಸಭಾಂಗಣದ ಕುರ್ಚಿಗಳು ಮತ್ತು ಕೈತೊಳೆಯುವ ಜಾಗವೂ ಅವರನ್ನು ಕಾಯುತ್ತಿರುತ್ತವೆ. "ಸಂಪೂರ್ಣ ಜವಾಬ್ದಾರಿ" ಎಂದು ಬರೆದ ಜಾಹೀರಾತನ್ನು ನೋಡಿದಾಗ ಆ ಜವಾಬ್ದಾರಿ ಹೊರಲು ಎಷ್ಟು ಮಂದಿ ಇದ್ದಾರೆ ಎಂದು ಕೇಳಲೇಬೇಕು.

ಕೈಕೆಲಸ ಮಾಡುವುದು ಕೀಳೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸೂಪರ್‌ವೈಸರ್ ಹೊಸಬರಿಗೆ ಹಾಸಿಗೆ ಹಾಸುವುದನ್ನು ಹಾಸಿಯೇ ಕಲಿಸುತ್ತಾರೆ. ಆದರೆ ತಪಾಸಣೆ ನಡೆಯದ ಕೋಣೆಗೆ ಅತಿಥಿ ಹೋದಾಗ ದೂರು ಬರುವುದು ಸೂಪರ್‌ವೈಸರ್ ಹೆಸರಿಗೆ, ಅಟೆಂಡೆಂಟ್ ಕಡಿಮೆಯಿದ್ದರು ಎಂಬ ಕಾರಣ ಲಾಗ್ ಬುಕ್‌ನಲ್ಲಿ ಎಲ್ಲೂ ಇರುವುದಿಲ್ಲ.

ಲಿನನ್ ಬಗ್ಗೆಯೂ ಇದೇ ರೀತಿ ಎಣಿಸಿ ನೋಡಬೇಕು. ಎಲ್ಲ ಕೋಣೆಗಳ ಹಾಸಿಗೆಗೂ ಒಂದು ಬಾರಿ ಹಾಸಲು ಬೇಕಾದಷ್ಟು ಬಟ್ಟೆಯನ್ನು ಒಂದು ಪಾರ್ ಎನ್ನುತ್ತಾರೆ. ಪ್ರತಿ ಕೋಣೆಗೆ ಎರಡು ಚಾದರ ಎಂದರೆ 34 ಕೋಣೆಗಳ ಒಂದು ಪಾರ್ 68. ಹಾಸಿಗೆಯ ಮೇಲೊಂದು, ತೊಳೆಯಲು ಹೋದದ್ದೊಂದು, ಕಪಾಟಿನಲ್ಲೊಂದು ಎಂದು ಕನಿಷ್ಠ ಮೂರು ಪಾರ್, ಅಂದರೆ 204 ಚಾದರ ಇರಬೇಕು. ಎರಡೇ ಪಾರ್ ಇರುವ ಹೋಟೆಲಿನಲ್ಲಿ, ಬಟ್ಟೆ ಹೊರಗಿನ ದೋಬಿಯಿಂದ ಮರುದಿನ ಬರುವುದಾದರೆ, ಎರಡು ಮದುವೆ ಬೆನ್ನುಬೆನ್ನಿಗೆ ಬಂದಾಗ ಮೀಸಲು ಎಂಬುದೇ ಇರುವುದಿಲ್ಲ. ಕಲೆಯಾದ ಹತ್ತು ಚಾದರ ಬದಲಿಸಬೇಕಾದರೂ ಕೈ ಖಾಲಿ. ಎರಡೂ ಹೋಟೆಲುಗಳ ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟು ಪಾರ್ ಇದೆ, ಕಡಿಮೆ ಬಿದ್ದ ಲಿನನ್ನಿನ ಬೆಲೆಯನ್ನು ಸೂಪರ್‌ವೈಸರ್ ಸಂಬಳದಿಂದ ಮುರಿಯುವ ಪದ್ಧತಿ ಇದೆಯೇ. ಎರಡನೆಯ ಪ್ರಶ್ನೆಗೆ "ಅದೆಲ್ಲ ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ, ಆ ಪದ್ಧತಿ ಇದೆ ಎಂದೇ ತಿಳಿದು ಮುಂದಿನ ಮಾತಾಡುವುದು ಕ್ಷೇಮ.

ಪಾಳಿ: ಎರಡು ಹುದ್ದೆ, ಇಪ್ಪತ್ತೊಂದು ಪಾಳಿ

ಮೊದಲ ಜಾಹೀರಾತಿನ ಅನುಮಾನದ ಜಾಗ ಇಲ್ಲಿದೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ ಏಳು ದಿನ ಎಂದರೆ 21 ಪಾಳಿಗಳು. ವಾರಕ್ಕೆ ಒಂದು ದಿನ ರಜೆ ಕಳೆದು ಒಬ್ಬರು ಆರು ಪಾಳಿ ಮಾಡಬಹುದು. ಹಾಗಾದರೆ 21 ಪಾಳಿಗೆ ಮೂರೂವರೆ ಜನ ಬೇಕು, ರಜೆ ಮತ್ತು ಕಾಯಿಲೆ ಸೇರಿಸಿದರೆ ನಾಲ್ವರು. ಜಾಹೀರಾತಿನಲ್ಲಿರುವುದು ಎರಡು ಹುದ್ದೆ. ಈಗಾಗಲೇ ಇಬ್ಬರು ಸೂಪರ್‌ವೈಸರ್ ಇದ್ದು ಇನ್ನಿಬ್ಬರನ್ನು ಸೇರಿಸಿಕೊಳ್ಳುತ್ತಿದ್ದಾರೆಂದರೆ ಲೆಕ್ಕ ಸರಿಹೋಗುತ್ತದೆ. ಇಬ್ಬರೇ ಒಟ್ಟು ಎಂದರೆ ಅವರಿಂದ 12 ಪಾಳಿ ಮಾತ್ರ ಸಾಧ್ಯ. ರಾತ್ರಿ ಪಾಳಿಗೆ ಸೂಪರ್‌ವೈಸರ್ ಇಲ್ಲದೆ ಒಬ್ಬ ಅಟೆಂಡೆಂಟ್ ಮಾತ್ರ ಇರುವ ಪದ್ಧತಿಯಿದ್ದರೆ ವಾರಕ್ಕೆ 14 ಪಾಳಿ ಸಾಕು. ಬಾಕಿ ಎರಡನ್ನು ಎಕ್ಸಿಕ್ಯುಟಿವ್ ಹೌಸ್‌ಕೀಪರ್ ನೋಡಿಕೊಳ್ಳಬಹುದು. ಆದರೆ ಇಬ್ಬರೇ ಇದ್ದು ರಾತ್ರಿಯೂ ನಡೆಯಬೇಕೆಂದರೆ ಯಾರದೋ ವಾರದ ರಜೆ ಹೋಗುತ್ತದೆ, ಇಲ್ಲವೇ ಒಬ್ಬರು ಎರಡು ಪಾಳಿ ಸೇರಿಸಿ ನಿಲ್ಲುತ್ತಾರೆ.

ಇದನ್ನು ತಿಳಿಯುವ ಸುಲಭದ ದಾರಿ ಕಳೆದ ತಿಂಗಳ ಡ್ಯೂಟಿ ಚಾರ್ಟ್ ನೋಡುವುದು. ಅದು ಸಾಮಾನ್ಯವಾಗಿ ಹೌಸ್‌ಕೀಪಿಂಗ್ ಡೆಸ್ಕಿನ ಗೋಡೆಯ ಮೇಲೇ ಅಂಟಿಸಿರುತ್ತದೆ. ಸಂದರ್ಶನದ ದಿನ ವಿನಯದಿಂದ ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ಎರಡು ಸಂಗತಿ ನೋಡಬೇಕು. ಪ್ರತಿ ಹೆಸರಿನ ಮುಂದೆ ವಾರಕ್ಕೊಮ್ಮೆ ರಜೆಯ ಗುರುತು ಇದೆಯೇ ಎಂಬುದು ಒಂದು. ಮಧ್ಯಾಹ್ನದ ಪಾಳಿ ಮುಗಿಸಿದವರಿಗೆ ಮರುದಿನ ಬೆಳಿಗ್ಗೆಯ ಪಾಳಿ ಹಾಕಿದ್ದಾರೆಯೇ ಎಂಬುದು ಇನ್ನೊಂದು. ರಾತ್ರಿ 10ಕ್ಕೆ ಹೊರಟು ಬೆಳಿಗ್ಗೆ 7ಕ್ಕೆ ಮರಳುವುದೆಂದರೆ ನಡುವೆ ಒಂಬತ್ತೇ ಗಂಟೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್; ಹೋಗಿ ಬರುವ ವೇಳೆ, ಬಸ್ಸು ಕಾಯುವ ವೇಳೆ, ಊಟ, ಸ್ನಾನ ಕಳೆದರೆ ನಿದ್ದೆಗೆ ಐದು ಗಂಟೆ ಸಿಕ್ಕರೆ ಪುಣ್ಯ. ಬೆಳಿಗ್ಗೆಯ ವಾರ, ಆಮೇಲೆ ಮಧ್ಯಾಹ್ನದ ವಾರ, ಆಮೇಲೆ ರಾತ್ರಿಯ ವಾರ ಎಂದು ಮುಂದಕ್ಕೆ ಸರಿಯುವ ಚಾರ್ಟು ದೇಹಕ್ಕೆ ಒಗ್ಗುತ್ತದೆ, ಹಿಂದುಮುಂದಾಗಿ ಹಾಕಿದ ಚಾರ್ಟಿನಲ್ಲಿ ಜನ ಬೇಗ ಕೆಲಸ ಬಿಡುತ್ತಾರೆ. ಹೆಸರುಗಳು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಸಪ್ತಾಪುರದ ನಮ್ಮ ಅರ್ಜಿದಾರರಿಗೆ ಚಿಗರಿ ಬಸ್ಸಿನ ಅನುಕೂಲ ದೊಡ್ಡದು, ಹಗಲಿನ ಪಾಳಿಗಳಿಗೆ ಅದು ಸಾಕು. ರಾತ್ರಿ 10ಕ್ಕೆ ಪಾಳಿ ಮುಗಿದು, ಕೀಲಿ ಒಪ್ಪಿಸಿ, ಲಾಗ್ ಬುಕ್ ಬರೆದು ಹೊರಬರುವಾಗ 10.30 ಆಗಿರುತ್ತದೆ. ಆ ಹೊತ್ತಿಗೆ ಬಸ್ಸನ್ನು ನಂಬಿ ಕೆಲಸ ಒಪ್ಪಿಕೊಳ್ಳಬಾರದು. ಮಹಿಳೆಯರನ್ನು ರಾತ್ರಿ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮನೆಯವರೆಗೆ ವಾಹನದ ವ್ಯವಸ್ಥೆಯನ್ನೂ ಹೋಟೆಲೇ ಮಾಡಬೇಕು. ಆದ್ದರಿಂದ ಇದು ಅವರು ಕೃಪೆಯಾಗಿ ಕೊಡುವ ಸೌಲಭ್ಯವಲ್ಲ. ನಾನು ಮೊದಲು ಹೇಳಿದ ಷರತ್ತು ಇದೇ: ರಾತ್ರಿ 10ಕ್ಕೆ ಮುಗಿಯುವ ಪಾಳಿಗೆ ಮನೆಯವರೆಗೆ ವಾಹನ ಎಂದು ನೇಮಕಾತಿ ಪತ್ರದಲ್ಲಿ ಬರೆದುಕೊಟ್ಟರೆ ಮೊದಲ ಹೋಟೆಲು, ಇಲ್ಲದಿದ್ದರೆ ಬೇಡ.

ಎರಡನೆಯ ಜಾಹೀರಾತಿನ "9ರಿಂದ 6" ಎಂಬುದು ಕೇಳಲು ಚೆಂದ. "ಅಗತ್ಯಕ್ಕೆ ತಕ್ಕಂತೆ" ಎಂಬ ಎರಡು ಪದಗಳು ಅದನ್ನು ಎಷ್ಟು ಬೇಕಾದರೂ ಎಳೆಯುತ್ತವೆ. ಹೋಟೆಲುಗಳಿಗೂ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ದರದಲ್ಲಿ ಕೂಲಿ ಕೊಡಬೇಕು. ವಾರದ ರಜೆಯೂ ಕಾಯ್ದೆಯಲ್ಲೇ ಇದೆ. ಒಬ್ಬರೇ ಸೂಪರ್‌ವೈಸರ್ ಇರುವ ಹೋಟೆಲಿನಲ್ಲಿ ಅವರ ರಜೆಯ ದಿನ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ; ವ್ಯಕ್ತಿಯ ಹೆಸರು ಹೇಳಿದರೆ ನಂಬಬಹುದು. ವಸತಿ ಉಚಿತ ಎಂಬುದನ್ನೂ ಇಲ್ಲಿಯೇ ತೂಗಬೇಕು, ಏಕೆಂದರೆ ಆವರಣದಲ್ಲೇ ಮಲಗುವ ಸೂಪರ್‌ವೈಸರನ್ನು ರಾತ್ರಿ 1 ಗಂಟೆಗೂ ಕರೆಯುತ್ತಾರೆ.

22,000 ಹೆಚ್ಚೋ, 19,000 ಹೆಚ್ಚೋ

ಮೊದಲ ಹೋಟೆಲಿನ 19,000ದಲ್ಲಿ ಮೂಲ ವೇತನ 11,000 ಎಂದುಕೊಂಡರೆ ಅದರ ಮೇಲೆ ಶೇಕಡ 12ರಂತೆ ಪಿ.ಎಫ್. 1,320 ರೂಪಾಯಿ. ಇ.ಎಸ್.ಐ.ಗೆ ನೌಕರರ ಪಾಲು ಶೇಕಡ 0.75, ಅಂದರೆ 143 ರೂಪಾಯಿ. ಕೈಗೆ 17,537 ಬರುತ್ತದೆ. ಎರಡನೆಯ ಹೋಟೆಲಿನ 22,000ದಲ್ಲಿ ಮೂಲ ವೇತನ 13,000 ಇದ್ದು ಪಿ.ಎಫ್. ಮುರಿದರೆ 1,560 ಹೋಗಿ 20,440 ಬರುತ್ತದೆ. ವ್ಯತ್ಯಾಸ ಸುಮಾರು 2,900 ರೂಪಾಯಿ. ಜಾಹೀರಾತಿನಲ್ಲಿ ಪಿ.ಎಫ್. ಮಾತೇ ಇಲ್ಲ ಎಂಬುದನ್ನು ಗಮನಿಸಿ. 20 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಕಡ್ಡಾಯ. ಮುರಿಯದೆ ಪೂರ್ತಿ ಕೊಡುತ್ತೇವೆ ಎಂದರೆ ಮಾಲೀಕರ ಪಾಲಿನ ಹಣ ನೌಕರರಿಗೆ ಸಿಗದೆ ಹೋಯಿತು ಎಂದರ್ಥ.

ಈಗ ಈ 2,900ರ ಎದುರಿಗೆ ಮದುವೆಯ ದಿನಗಳನ್ನು ಇಡೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 22,000ದ ಗಂಟೆಯ ದರ ಸುಮಾರು 106 ರೂಪಾಯಿ, ಅದರ ಎರಡು ಪಟ್ಟು 211 ರೂಪಾಯಿ. ಒಂದು ತಿಂಗಳಲ್ಲಿ ಮೂರು ಮದುವೆಗೆ ತಲಾ ಐದು ಗಂಟೆ ಹೆಚ್ಚು ನಿಂತರೆ 15 ಗಂಟೆ, ಅದಕ್ಕೆ ಸಿಗಬೇಕಾದದ್ದು 3,170 ರೂಪಾಯಿ. ಆ ಹಣ ಕೊಡದ ಹೋಟೆಲಿನಲ್ಲಿ ಸಂಬಳದ ಹೆಚ್ಚಳವೆಲ್ಲ ಮೂರು ಮದುವೆಗಳಲ್ಲೇ ಕರಗುತ್ತದೆ. ಕೊಡುವ ಹೋಟೆಲಾದರೆ ಅದು ನಿಜವಾಗಿಯೂ ಹೆಚ್ಚು ಸಂಬಳದ ಕೆಲಸ.

ತಾಯಿಯ ಕಾಯಿಲೆಯ ದೃಷ್ಟಿಯಿಂದ ಇನ್ನೊಂದು ಅಂಶ ಬಹಳ ಮುಖ್ಯ. ಇ.ಎಸ್.ಐ. ವ್ಯಾಪ್ತಿಯ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. 19,000ದ ನೌಕರರು ಅದರೊಳಗೆ ಬರುತ್ತಾರೆ. ಅವರನ್ನು ಅವಲಂಬಿಸಿದ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. 22,000ಕ್ಕೆ ಹೊಸದಾಗಿ ಸೇರುವವರು ಮಿತಿಯ ಹೊರಗೆ ಉಳಿಯುತ್ತಾರೆ. ಪ್ರತಿ ತಿಂಗಳೂ ಸಕ್ಕರೆ ಕಾಯಿಲೆಯ ಗುಳಿಗೆ, ಆಗಾಗ ರಕ್ತಪರೀಕ್ಷೆ ಇರುವ ಮನೆಗೆ 143 ರೂಪಾಯಿಯ ಈ ಕಡಿತ ಮೂರು ಸಾವಿರದ ಹೆಚ್ಚಳಕ್ಕಿಂತ ಕಡಿಮೆ ಬೆಲೆಯದಲ್ಲ. ಮೊದಲ ಹೋಟೆಲಿನಲ್ಲೇ ಮುಂದೆ ಸಂಬಳ ಏರಿ ಮಿತಿ ದಾಟಿದರೂ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವಿಂಗಡಿಸಿದ ಆ ಅವಧಿ ಮುಗಿಯುವವರೆಗೆ ಸದಸ್ಯತ್ವ ಮುಂದುವರಿಯುತ್ತದೆ.

"ಇಂಗ್ಲಿಷ್ ಕಡ್ಡಾಯ" ಎಂದರೆ ಎಷ್ಟು ಇಂಗ್ಲಿಷ್

ಈ ಸಾಲನ್ನು ಕಂಡು ಅರ್ಜಿ ಹಾಕದೆ ಉಳಿದವರನ್ನು ನಾನು ಹಲವರನ್ನು ಬಲ್ಲೆ, ಅವರಲ್ಲಿ ಹೆಚ್ಚಿನವರು ಆ ಕೆಲಸಕ್ಕೆ ಯೋಗ್ಯರೇ ಆಗಿದ್ದರು. ನಗರದ ವ್ಯಾಪಾರಿ ಹೋಟೆಲಿನಲ್ಲಿ ಸೂಪರ್‌ವೈಸರ್‌ಗೆ ಬೇಕಾಗುವ ಇಂಗ್ಲಿಷ್ ಬಹುಪಾಲು ಓದುವ, ಬರೆಯುವ ಇಂಗ್ಲಿಷ್. ಬೆಳಿಗ್ಗೆ ರಿಸೆಪ್ಷನ್ ಕೊಡುವ ಆಗಮನ ಮತ್ತು ನಿರ್ಗಮನದ ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ಕಂಪ್ಯೂಟರಿನ ಕೋಣೆ ಸ್ಥಿತಿಯ ಪರದೆಯೂ ಹಾಗೆಯೇ. ಲಾಗ್ ಬುಕ್‌ನಲ್ಲಿ "402, ಗೀಸರ್ ನಾಟ್ ವರ್ಕಿಂಗ್, ಮೇಂಟೆನೆನ್ಸ್ ಇನ್‌ಫಾರ್ಮ್ಡ್ 10.40" ಎಂಬಷ್ಟು ಬರೆಯಬೇಕು. ಕೋಣೆಯ ಸಂಖ್ಯೆ, ತೊಂದರೆ, ಯಾರಿಗೆ ತಿಳಿಸಲಾಯಿತು, ಎಷ್ಟು ಗಂಟೆಗೆ, ಈ ನಾಲ್ಕೂ ಇದ್ದರೆ ವ್ಯಾಕರಣ ತಪ್ಪಿದರೂ ಮುಂದಿನ ಪಾಳಿಯವರಿಗೆ ಕೆಲಸ ನಡೆಯುತ್ತದೆ. ಆರು ವರ್ಷ ಕೋಣೆಗಳ ಪಟ್ಟಿ ಹಿಡಿದು ಓಡಾಡಿದವರಿಗೆ ಈ ಪದಗಳಲ್ಲಿ ಮುಕ್ಕಾಲು ಪಾಲು ಈಗಾಗಲೇ ಗೊತ್ತು. ಅತಿಥಿಯ ಜೊತೆ ಆಡುವ ಮಾತು ಇಪ್ಪತ್ತು ಮೂವತ್ತು ವಾಕ್ಯಗಳಲ್ಲಿ ಮುಗಿಯುತ್ತದೆ, ಅವನ್ನು ಕಲಿತು ರೂಢಿಸಿಕೊಳ್ಳಬಹುದು. ಸಂದರ್ಶನಕ್ಕೆ ಮೊದಲು ಹತ್ತು ದೂರುಗಳನ್ನು ಈ ಮಾದರಿಯಲ್ಲಿ ಬರೆದು ಅಭ್ಯಾಸ ಮಾಡಿಕೊಂಡು ಹೋದರೆ, "ಇಂಗ್ಲಿಷ್ ಬರುತ್ತದೆಯೇ" ಎಂಬ ಪ್ರಶ್ನೆಗೆ ಹೌದು ಇಲ್ಲ ಎನ್ನುವ ಬದಲು ಬರೆದೇ ತೋರಿಸಬಹುದು.

ಹಿಂದಿಯ ಅಗತ್ಯ ಅತಿಥಿಗಳಿಗಷ್ಟೇ ಸೀಮಿತವಲ್ಲ. ನಮ್ಮ ಹೋಟೆಲುಗಳಲ್ಲಿ ಗದಗ, ಹಾವೇರಿ ಕಡೆಯ ಹುಡುಗರ ಜೊತೆಗೆ ಹೊರರಾಜ್ಯಗಳ ಹುಡುಗರೂ ಅಟೆಂಡೆಂಟ್‌ಗಳಾಗಿದ್ದಾರೆ. ಶುಚಿಗೊಳಿಸುವ ದ್ರಾವಣಗಳ ಬಾಟಲಿಗಳ ಮೇಲೆ ಆರ್-1, ಆರ್-2, ಆರ್-6 ಎಂಬ ಗುರುತುಗಳಿರುತ್ತವೆ, ಸೂಚನೆಗಳು ಬಹುತೇಕ ಇಂಗ್ಲಿಷಿನಲ್ಲಿ. ಆರ್-6 ಕಮೋಡಿಗೆ ಹಾಕುವ ಆಮ್ಲದ ದ್ರಾವಣ. ಅದರ ಮೇಲೆ ಬ್ಲೀಚಿಂಗ್ ಸುರಿದರೆ ಕ್ಲೋರಿನ್ ಅನಿಲ ಎದ್ದು, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಉಸಿರು ಕಟ್ಟುತ್ತದೆ. ಹೊಸ ಹುಡುಗನಿಗೆ ಇದನ್ನು ಅವನ ಭಾಷೆಯಲ್ಲಿ ಹೇಳಿ, ಮರಳಿ ಅವನ ಬಾಯಿಂದಲೇ ಹೇಳಿಸಿ ಖಚಿತಪಡಿಸಿಕೊಳ್ಳುವುದು ಸೂಪರ್‌ವೈಸರ್ ಹೊಣೆ. ಕನ್ನಡ, ಉರ್ದು, ಹಿಂದಿ ಮೂರರಲ್ಲೂ ಸಲೀಸಾಗಿ ಬ್ರೀಫಿಂಗ್ ಮಾಡಬಲ್ಲವರು ಈ ಕಾರಣಕ್ಕೇ ಬೆಲೆಯುಳ್ಳವರು, ಅದನ್ನು ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಬೇಕು.

ಎರಡನೆಯ ಹೋಟೆಲು ಕೇಳುವ "ಚೆನ್ನಾಗಿ ಕನ್ನಡ" ಸುಲಭದ್ದೆಂದು ತಿಳಿಯಬಾರದು. ಮದುವೆಗೆ ಬಂದ ಹಿರಿಯರು ಸಿಟ್ಟಿನಲ್ಲಿ "ಏನ್ರೀ, ಅರ್ಧಾ ತಾಸ್ ಆತು, ಬಿಸಿನೀರ ಬರವಲ್ದು" ಎಂದಾಗ, ನಿಯಮ ವಿವರಿಸಲು ಹೋಗದೆ "ತಪ್ಪಾತ್ರೀ ಯಜಮಾನ್ರ, ಹತ್ತ ನಿಮಿಷದಾಗ ಸರಿ ಮಾಡಸ್ತೀನಿ, ಅಲ್ಲೀತನ ಬಾಜೂ ರೂಮಿಂದ ಎರಡ ಬಕೆಟ್ ನೀರ ಕಳಸ್ತೀನ್ರಿ" ಎನ್ನುವ ಮತ್ತು ಹೇಳಿದಂತೆ ಕಳಿಸುವ ಚುರುಕು ಬೇಕು. ನಮ್ಮ ಅರ್ಜಿದಾರರಿಗೆ ಇದು ಹುಟ್ಟಿನಿಂದಲೇ ಇದೆ. ಹಾಗೆಂದು ಇರುವ ಕೌಶಲದಲ್ಲೇ ನಿಂತರೆ ಮುಂದಿನ ವರ್ಷಗಳಲ್ಲಿ ದೊಡ್ಡ ಹೋಟೆಲಿನ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ. ಲಾಗ್ ಬುಕ್ ಮತ್ತು ಕಂಪ್ಯೂಟರಿನ ರೂಢಿ ದಿನವೂ ಆಗುವುದು ಮೊದಲ ಹೋಟೆಲಿನಲ್ಲಿ. ಅಸಿಸ್ಟೆಂಟ್ ಹೌಸ್‌ಕೀಪರ್ ಹುದ್ದೆಗೆ ಕೇಳುವ ಅನುಭವ ಅದೇ.

ಹಾವೇರಿ ಕಡೆಯಿಂದ ಬಂದು ಹುಬ್ಬಳ್ಳಿಯಲ್ಲಿ ಕೋಣೆ ಬಾಡಿಗೆ ಹಿಡಿಯಬೇಕಾದ, ಒಂಟಿಯಾಗಿರುವ ಯುವಕನಿಗೆ ಲೆಕ್ಕ ಬೇರೆಯಾಗುತ್ತದೆ. ಬಾಡಿಗೆ ಮತ್ತು ರಾತ್ರಿಯ ಊಟದ ಖರ್ಚು ಉಳಿಯುವುದರಿಂದ ಎರಡನೆಯ ಹೋಟೆಲಿನ 22,000ದಲ್ಲಿ ಬಹುಭಾಗ ಮನೆಗೆ ಕಳಿಸಲು ಸಿಗುತ್ತದೆ, ಹಾಲ್ ಮತ್ತು ಲಾಂಡ್ರಿಯನ್ನು ಒಬ್ಬರೇ ನಡೆಸಿದ ಅನುಭವವೂ ಸಣ್ಣದಲ್ಲ. ಅವರಿಗೆ ಹೆಚ್ಚುವರಿ ದುಡಿಮೆಯ ಕೂಲಿ ಮತ್ತು ಅಟೆಂಡೆಂಟ್‌ಗಳ ಸಂಖ್ಯೆ, ಈ ಎರಡನ್ನು ಬರಹದಲ್ಲಿ ಪಡೆದುಕೊಂಡು ಸೇರಿ ಎನ್ನುತ್ತೇನೆ. ಹೋಟೆಲಿನ ಹೆಸರೇ ಇಲ್ಲದೆ ಏಜೆನ್ಸಿಯ ಮೊಬೈಲ್ ಸಂಖ್ಯೆ ಮಾತ್ರ ಇರುವ ಮೂರನೆಯ ಬಗೆಯ ಜಾಹೀರಾತುಗಳೂ ಇವೆ. ನೋಂದಣಿಗೆಂದು ಹಣ ಕೇಳಿದರೆ ಅಲ್ಲಿಗೇ ಬಿಡುವುದು ಒಳ್ಳೆಯದು.

ಯಾವುದನ್ನು ಆರಿಸಿದರೂ ಮಾತಿನಲ್ಲಿ ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಕಾಣಬೇಕು: ಪಾಳಿಯ ವೇಳೆ, ವಾರದ ರಜೆ, ಹೆಚ್ಚುವರಿ ಗಂಟೆಯ ದರ, ರಾತ್ರಿಯ ವಾಹನ, ಲಿನನ್ ಕೊರತೆಯ ಹೊಣೆ. ಕೆಲಸಕ್ಕೆ ಸೇರಿದ ಮೊದಲ ದಿನ, ಹಿಂದಿನ ಸೂಪರ್‌ವೈಸರ್ ಅಥವಾ ಸ್ಟೋರಿನವರ ಎದುರಿಗೇ ಚಾದರ, ದಿಂಬಿನ ಕವರು, ಟವೆಲುಗಳನ್ನು ಎಣಿಸಿ, ಮಾಸ್ಟರ್ ಕೀಗಳ ಸಂಖ್ಯೆ ಸೇರಿಸಿ, ಇಬ್ಬರ ಸಹಿಯೊಂದಿಗೆ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಹಾಗೆ ಎಣಿಸದೆ ಸಹಿ ಹಾಕಿದವರ ತಲೆಗೆ ಹಿಂದಿನವರು ಕಳೆದ ಚಾದರಗಳೂ ಬರುತ್ತವೆ.